ಮುಗಿಯದ ಇನ್ಸಿಡೆಂಟನ್ನ ಮುಂದಿನ ಶಿಫ್ಟ್‌ಗೆ ಕೊಡೋದು ಹೇಗೆ? ಒಂದು ಹ್ಯಾಂಡೋವರ್ ನೋಟ್, ಸಾಲು ಸಾಲಾಗಿ

ಇವತ್ತಿನ ಮಾತು ಶಿಫ್ಟ್ ಹ್ಯಾಂಡೋವರ್ ನೋಟ್ ಬಗ್ಗೆ. ಎಲ್ಲಾ ಥರದ ನೋಟ್ ಅಲ್ಲ. ಇನ್ಸಿಡೆಂಟ್ ಇನ್ನೂ ತೆರೆದೇ ಇದೆ, ನಿಮ್ಮ ಶಿಫ್ಟ್ ಮುಗೀತಾ ಇದೆ, ಮುಂದಿನವರು ನಿಮ್ಮ ಬರಹವನ್ನ ನಂಬ್ಕೊಂಡು ರಾತ್ರಿಯೆಲ್ಲಾ ಕೆಲಸ ಮಾಡ್ಬೇಕು, ಅಂಥ ನೋಟ್ ಮಾತ್ರ. ಮುಗಿದ ಇನ್ಸಿಡೆಂಟ್‌ನ ನೋಟ್ ಸುಲಭ, ಅದು ಕಥೆ. ಮುಗಿಯದೇ ಇರೋದರ ನೋಟ್ ಕಥೆ ಆಗ್ಬಾರದು. ಅದರಲ್ಲಿ ಮುಖ್ಯವಾಗಿ ಇರ್ಬೇಕಾದ್ದು ಇನ್ನು ಆಗ್ಬೇಕಾದ ಕೆಲಸ.

ಮೊದಲು ನಾವೆಲ್ಲಾ ನೋಡಿರೋ ಥರದ ಒಂದು ನೋಟ್ ಓದೋಣ. ಆಫೀಸಲ್ಲಿ ಇದನ್ನ ಇಂಗ್ಲಿಷಲ್ಲೇ ಬರೀತೀವಿ, ಇಲ್ಲಿ ಕನ್ನಡದಲ್ಲಿ ಹೇಳ್ತೀನಿ.

> ಆರ್ಡರ್ಸ್ ಡೇಟಾಬೇಸ್‌ನಲ್ಲಿ ಡಿಸ್ಕ್ ಅಲರ್ಟ್ ಬಂದಿತ್ತು. ರೆಪ್ಲಿಕೇಶನ್ ಸ್ಲಾಟ್ ಸಮಸ್ಯೆ. ಕನೆಕ್ಟರ್ ರೀಸ್ಟಾರ್ಟ್ ಮಾಡಿದ್ದೀವಿ. ಡೆವ್ ಟೀಮ್ ನೋಡ್ತಾ ಇದೆ. ದಯವಿಟ್ಟು ಮಾನಿಟರ್ ಮಾಡಿ.

ಐದು ವಾಕ್ಯದಲ್ಲಿ ಒಂದೂ ಸುಳ್ಳಲ್ಲ. ಆದ್ರೆ ಇದನ್ನ ಓದಿದ ನೈಟ್ ಶಿಫ್ಟ್‌ನವರಿಗೆ ಏನು ಗೊತ್ತಾಯ್ತು? ರೀಸ್ಟಾರ್ಟ್ ಮಾಡಿದ್ದೀವಿ ಅಂದ್ರೆ ಸರಿಹೋಯ್ತಾ, ಇಲ್ವಾ? ಡೆವ್ ಟೀಮ್‌ನಲ್ಲಿ ಯಾರು ನೋಡ್ತಿದ್ದಾರೆ, ಎಷ್ಟು ಹೊತ್ತಿಗೆ ಉತ್ತರ ಬರುತ್ತೆ? ಮಾನಿಟರ್ ಮಾಡಿ ಅಂದ್ರೆ ಯಾವ ನಂಬರ್ ನೋಡ್ಬೇಕು, ಅದು ಎಷ್ಟಾದ್ರೆ ಏನು ಮಾಡ್ಬೇಕು? ಇದಕ್ಕೆಲ್ಲಾ ಉತ್ತರ ಬರೆದವರ ತಲೇಲಿ ಇತ್ತು. ಅವರು ಮನೆಗೆ ಹೋಗಿ ಮಲಗಿದ್ರು, ಉತ್ತರವೂ ಅವರ ಜೊತೆ ಹೋಯ್ತು.

ಇದೇ ಇನ್ಸಿಡೆಂಟನ್ನ ತಗೊಂಡು, ಸರಿಯಾದ ನೋಟ್ ಒಂದನ್ನ ಸಾಲು ಸಾಲಾಗಿ ಕಟ್ಟೋಣ. ಇದು ನಾನು ವಿವರಣೆಗೋಸ್ಕರ ಕಟ್ಟಿದ ಉದಾಹರಣೆ, ಆದ್ರೆ ಪೋಸ್ಟ್‌ಗ್ರೆಸ್ ನಡೆಸೋ ಟೀಮ್‌ಗಳಿಗೆ ಇಂಥದ್ದು ಹೊಸದೇನಲ್ಲ.

ಏನಾಗಿದೆ ಅಂತ ಮೊದಲು ಅರ್ಥ ಮಾಡ್ಕೊಳ್ಳೋಣ

ಆರ್ಡರ್‌ಗಳ ಡೇಟಾಬೇಸ್ ಒಂದು ಪೋಸ್ಟ್‌ಗ್ರೆಸ್ ಸರ್ವರ್ ಮೇಲಿದೆ. ಡಿಸ್ಕ್ 800 ಜಿಬಿ. ಡೇಟಾಬೇಸ್‌ನಲ್ಲಿ ಏನೇ ಬದಲಾದ್ರೂ ಪೋಸ್ಟ್‌ಗ್ರೆಸ್ ಅದನ್ನ ಮೊದಲು ವಾಲ್ ಅನ್ನೋ ಲಾಗ್‌ಗೆ ಬರೆಯುತ್ತೆ. ಈ ಫೈಲ್‌ಗಳು `pg_wal` ಫೋಲ್ಡರ್‌ನಲ್ಲಿ ಇರ್ತವೆ. ಕೆಲಸ ಮುಗಿದ ಹಳೇ ಫೈಲ್‌ಗಳನ್ನ ಅದೇ ತೆಗೆದುಹಾಕುತ್ತೆ, ಇಲ್ಲಾ ಮತ್ತೆ ಬಳಸುತ್ತೆ.

ರಿಪೋರ್ಟಿಂಗ್ ಟೀಮ್‌ನ ಕನೆಕ್ಟರ್ ಒಂದು ಈ ಬದಲಾವಣೆಗಳನ್ನ ಓದಿ ತಮ್ಮ ಕಡೆ ಒಯ್ಯುತ್ತೆ. ಅದಕ್ಕೋಸ್ಕರ ಡೇಟಾಬೇಸ್‌ನಲ್ಲಿ ಒಂದು ರೆಪ್ಲಿಕೇಶನ್ ಸ್ಲಾಟ್ ಇದೆ. ಸ್ಲಾಟ್ ಅಂದ್ರೆ ಪುಸ್ತಕದಲ್ಲಿಟ್ಟ ಗುರುತಿನ ಚೀಟಿ ಇದ್ದ ಹಾಗೆ: ಕನೆಕ್ಟರ್ ಇಲ್ಲಿವರೆಗೆ ಓದಿದೆ ಅಂತ. ಆ ಚೀಟಿಯಿಂದ ಮುಂದಿನ ವಾಲ್ ಫೈಲನ್ನ ಪೋಸ್ಟ್‌ಗ್ರೆಸ್ ಅಳಿಸೋದಿಲ್ಲ. ಕನೆಕ್ಟರ್ ನಿಂತುಹೋದ್ರೆ ಚೀಟಿ ಅಲ್ಲೇ ಇರುತ್ತೆ, ಫೈಲ್‌ಗಳು ಬೆಳೀತಾನೇ ಹೋಗ್ತವೆ. ಇದಕ್ಕೆ ಮಿತಿ ಹಾಕೋ ಸೆಟ್ಟಿಂಗ್ `max_slot_wal_keep_size`. ಅದು 13ನೇ ವರ್ಶನ್‌ನಿಂದ ಇದೆ, ಆದ್ರೆ ಡೀಫಾಲ್ಟ್ ಬೆಲೆ -1, ಅಂದ್ರೆ ಮಿತಿಯೇ ಇಲ್ಲ. ಕೊನೆಗೆ ಡಿಸ್ಕ್ ತುಂಬಿದಾಗ ವಾಲ್ ಬರೆಯೋಕೆ ಜಾಗ ಇಲ್ಲದೆ ಡೇಟಾಬೇಸ್ ನಿಂತುಹೋಗುತ್ತೆ. ರಿಪೋರ್ಟ್ ಮಾತ್ರ ಅಲ್ಲ, ಗ್ರಾಹಕರ ಆರ್ಡರ್ರೇ ನಿಂತುಹೋಗುತ್ತೆ.

ನಮ್ಮ ಉದಾಹರಣೆಯಲ್ಲಿ ಮಧ್ಯಾಹ್ನ 1:40ಕ್ಕೆ ಕನೆಕ್ಟರ್ ನಿಂತಿದೆ. ಆಗ ಡಿಸ್ಕ್‌ನಲ್ಲಿ 598 ಜಿಬಿ ಬಳಕೆ. ಗಂಟೆಗೆ ಸುಮಾರು 12 ಜಿಬಿ ವಾಲ್ ಬರ್ತಿದೆ. ಸಂಜೆ 5:10ಕ್ಕೆ 80% ಅಲರ್ಟ್ ಹೊಡೆದಿದೆ. ಈಗ ರಾತ್ರಿ 10:30. ನೀವು ಎದ್ದು ಹೋಗ್ಬೇಕು.

ಮೊದಲ ಸಾಲು: ಈಗಿನ ಸ್ಥಿತಿ, ಇರೋ ಸಮಯ

ಬಹಳ ಜನ ನೋಟನ್ನ ಸಂಜೆ 5:10ರಿಂದ ಶುರು ಮಾಡ್ತಾರೆ. ಓದೋರಿಗೆ ಮೊದಲು ಬೇಕಾಗಿರೋದು 5:10 ಅಲ್ಲ, 10:30. ಈಗ ಏನು ಕೆಲಸ ಮಾಡ್ತಿದೆ, ಏನು ಇಲ್ಲ, ಏನೂ ಮಾಡದೇ ಇದ್ರೆ ಯಾವಾಗ ಏನಾಗುತ್ತೆ. ಟೈಮ್‌ಲೈನ್ ಕೊನೇಲಿ ಇರ್ಲಿ.

ಸ್ಥಿತಿಯನ್ನ ನೀವು ನಂಬರ್‌ನಲ್ಲಿ ಬರೀಬೇಕು, ಆ ನಂಬರ್ ಎಲ್ಲಿಂದ ಬಂತು ಅನ್ನೋ ಕಮಾಂಡನ್ನೂ ಕೊಡ್ಬೇಕು. ಆಗ ಮುಂದಿನವರು ಅದೇ ಕಮಾಂಡ್ ಓಡಿಸಿ ನಿಮ್ಮ ನಂಬರ್ ಜೊತೆ ಹೋಲಿಸ್ತಾರೆ. ಇಲ್ಲಿ ಬೇಕಾಗಿರೋದು ಇದು:

```sql
SELECT slot_name, active, wal_status,
       pg_size_pretty(pg_wal_lsn_diff(
         pg_current_wal_lsn(), restart_lsn)) AS held
FROM pg_replication_slots;
```

`held` ಅಂದ್ರೆ ಆ ಸ್ಲಾಟ್‌ಗೋಸ್ಕರ ಹಿಡಿದಿಟ್ಟಿರೋ ವಾಲ್. 10:30ಕ್ಕೆ ಅದು 106 ಜಿಬಿ, `active` ಕಾಲಂನಲ್ಲಿ `f`. ಡಿಸ್ಕ್ ಬಳಕೆ 704 ಜಿಬಿ, ಅಂದ್ರೆ 88%. ಖಾಲಿ ಇರೋದು 96 ಜಿಬಿ.

ಈಗ ಸಮಯದ ಲೆಕ್ಕ. ಖಾಲಿ 96, ಗಂಟೆಗೆ 12. ಭಾಗಿಸಿದ್ರೆ 8 ಗಂಟೆ, ಬೆಳಗ್ಗೆ 6:30ರವರೆಗೆ ಚಿಂತೆ ಇಲ್ಲ. ಇಷ್ಟಕ್ಕೇ ನಿಲ್ಲಿಸಿ ನೋಟ್‌ನಲ್ಲಿ "8 ಗಂಟೆ ಟೈಮ್ ಇದೆ" ಅಂತ ಬರೆದ್ರೆ ಅನಾಹುತ. ಯಾಕಂದ್ರೆ ಈ ಡೇಟಾಬೇಸ್ ಮೇಲೆ ರಾತ್ರಿ 1ರಿಂದ 4ರವರೆಗೆ ಒಂದು ಬ್ಯಾಚ್ ಓಡುತ್ತೆ, ಆಗ ಗಂಟೆಗೆ ಸುಮಾರು 40 ಜಿಬಿ ವಾಲ್ ಬರುತ್ತೆ. ಮತ್ತೆ ಲೆಕ್ಕ ಹಾಕಿ. 10:30ರಿಂದ 1ರವರೆಗೆ ಎರಡೂವರೆ ಗಂಟೆ, 30 ಜಿಬಿ ಹೋಯ್ತು, ಉಳಿದಿದ್ದು 66. ಅಲ್ಲಿಂದ ಗಂಟೆಗೆ 40. ಒಂದು ಗಂಟೆ ನಲವತ್ತು ನಿಮಿಷ ಕೂಡ ಪೂರ್ತಿ ಇಲ್ಲ. ರಾತ್ರಿ 2:40ರ ಹೊತ್ತಿಗೆ ಡಿಸ್ಕ್ ತುಂಬುತ್ತೆ.

ಬೆಳಗ್ಗೆ 6:30 ಎಲ್ಲಿ, ರಾತ್ರಿ 2:40 ಎಲ್ಲಿ! ಸಂಜೆಯ ಗ್ರಾಫ್ ನೋಡಿದ್ರೆ ಗೆರೆ ಒಂದೇ ಸಮ ಏರ್ತಿರುತ್ತೆ, ಬ್ಯಾಚ್ ಅದರಲ್ಲಿ ಕಾಣಲ್ಲ. ಅದು ಗೊತ್ತಿರೋದು ಆ ಸಿಸ್ಟಮ್ ಜೊತೆ ದಿನಾ ಒಡನಾಟ ಇರೋರಿಗೆ. ಹಾಗಾಗಿ ನೋಟ್‌ನಲ್ಲಿ ಮೂರೂ ಇರ್ಬೇಕು: ಈಗಿನ ವೇಗ ಎಷ್ಟು, ಆ ವೇಗ ಯಾವಾಗ ಬದಲಾಗುತ್ತೆ, ಅದರ ಪ್ರಕಾರ ಗಡುವು ಎಷ್ಟು ಹೊತ್ತಿಗೆ. ಗಡುವನ್ನ "ಇನ್ನು ನಾಲ್ಕು ಗಂಟೆ" ಅಂತ ಬರೀಬೇಡಿ, ಗಡಿಯಾರದ ಸಮಯ ಬರೀರಿ. ನೋಟನ್ನ ಒಂದು ಗಂಟೆ ತಡವಾಗಿ ತೆರೆದವರಿಗೆ "ಇನ್ನು ನಾಲ್ಕು ಗಂಟೆ" ಅನ್ನೋದು ಸುಳ್ಳಾಗಿರುತ್ತೆ. ಬೇರೆ ದೇಶದ ಟೀಮ್‌ಗೆ ಕೊಡ್ತಿದ್ರೆ ಟೈಮ್ ಜೋನ್ ಕೂಡ ಪಕ್ಕದಲ್ಲೇ ಇರ್ಲಿ.

ಗೊತ್ತಿರೋದು ಬೇರೆ, ಅನುಮಾನ ಬೇರೆ

ಸಂಜೆಯಿಂದ ಐದು ಗಂಟೆ ಒಂದೇ ವಿಷಯ ನೋಡಿದ್ಮೇಲೆ ನಮ್ಮ ಅನುಮಾನವೂ ನಮಗೆ ಸತ್ಯದ ಥರ ಕಾಣ್ಸುತ್ತೆ. ನೋಟ್‌ನಲ್ಲಿ "ಮಧ್ಯಾಹ್ನದ ರಿಲೀಸ್‌ನಿಂದ ಕನೆಕ್ಟರ್ ಬಿತ್ತು" ಅಂತ ಬರೆದುಬಿಡ್ತೀವಿ. ಓದಿದವರು ಬೇರೆ ದಾರಿ ಹುಡುಕೋದನ್ನೇ ಬಿಟ್ಟುಬಿಡ್ತಾರೆ.

ಬಿಡಿಸಿ ಬರೆದ್ರೆ ಹೀಗಿರುತ್ತೆ. ಕಣ್ಣಾರೆ ನೋಡಿದ್ದು: ಕನೆಕ್ಟರ್‌ನ ಲಾಗ್‌ನಲ್ಲಿ `orders` ಟೇಬಲ್‌ನ ಹೊಸ ಸ್ಕೀಮಾವನ್ನ ಸ್ಕೀಮಾ ರಿಜಿಸ್ಟ್ರಿ ಒಪ್ಪಿಲ್ಲ ಅನ್ನೋ ಎರರ್ ಇದೆ. ಅನುಮಾನ: 1:30ರ ರಿಲೀಸ್‌ನಲ್ಲಿ ಒಂದು ಕಾಲಂನ ಟೈಪ್ ನಂಬರ್‌ನಿಂದ ಟೆಕ್ಸ್ಟ್‌ಗೆ ಬದಲಾಗಿರ್ಬಹುದು. ಅದಕ್ಕೆ ಆಧಾರ: ಸಮಯ ಹೊಂದುತ್ತೆ, ಅಂಥ ಬದಲಾವಣೆಯನ್ನ ರಿಜಿಸ್ಟ್ರಿ ತಿರಸ್ಕರಿಸೋದು ಸಹಜ. ಡೆವಲಪರ್ ಇನ್ನೂ ಖಚಿತ ಮಾಡಿಲ್ಲ.

ಇದೇ ಜಾಗದಲ್ಲಿ ಮಾಡಿ ನೋಡಿದ್ದನ್ನೂ ಬರೀಬೇಕು, ಫಲಿತಾಂಶದ ಜೊತೆ. ಕನೆಕ್ಟರನ್ನ 5:25, 5:50, 6:30ಕ್ಕೆ ಮೂರು ಸಲ ರೀಸ್ಟಾರ್ಟ್ ಮಾಡಿದ್ವಿ, ಮೂರು ಸಲವೂ ಅದೇ ಎರರ್. ಕನೆಕ್ಟರ್ ಪ್ರತಿ ಸಲ ಅದೇ ಬದಲಾವಣೆಯಿಂದ ಓದೋಕೆ ಶುರು ಮಾಡುತ್ತೆ, ಹಾಗಾಗಿ ನಾಲ್ಕನೇ ಸಲ ಮಾಡಿದ್ರೂ ಅಷ್ಟೇ. ಇನ್ನೊಂದು: ಹಳೇ ಅಪ್ಲಿಕೇಶನ್ ಲಾಗ್ ಅಳಿಸಿ ಜಾಗ ಮಾಡೋಣ ಅಂತ ನೋಡಿದ್ವಿ, ಆ ಲಾಗ್‌ಗಳು ಬೇರೆ ವಾಲ್ಯೂಮ್‌ನಲ್ಲಿವೆ, ಅಳಿಸಿದ್ರೆ ಉಪಯೋಗ ಇಲ್ಲ. ಈ ಎರಡು ಸಾಲು ಇಲ್ಲದೇ ಹೋದ್ರೆ ರಾತ್ರಿ ಬಂದವರು ಮೊದಲ ಅರ್ಧ ಗಂಟೆ ಇವೆರಡನ್ನೇ ಮಾಡ್ತಾರೆ. ಅವರ ತಪ್ಪಲ್ಲ, ಯಾರಾದ್ರೂ ಮೊದಲು ಮಾಡೋದು ಅದನ್ನೇ.

ನಾವು ಬಿಚ್ಚಿಟ್ಟು ಹೋಗ್ತಿರೋದು ಏನು?

ಈ ಭಾಗ ಬಹಳಷ್ಟು ಟೆಂಪ್ಲೇಟ್‌ಗಳಲ್ಲಿ ಇರೋದೇ ಇಲ್ಲ. ಯಾಕೆ ಬೇಕು ಅಂತ ಹೇಳೋಕೆ ಐಟಿಯಿಂದ ಆಚೆ ಹೋಗ್ಬೇಕು.

1988ರ ಜುಲೈ 6. ಸ್ಕಾಟ್ಲೆಂಡ್ ಹತ್ತಿರ ಉತ್ತರ ಸಮುದ್ರದಲ್ಲಿದ್ದ ಪೈಪರ್ ಆಲ್ಫಾ ಅನ್ನೋ ತೈಲ ವೇದಿಕೆ. ಅಲ್ಲಿ ಎರಡು ಕಂಡೆನ್ಸೇಟ್ ಪಂಪ್ ಇದ್ವು, ಎ ಮತ್ತು ಬಿ. ಹಗಲಲ್ಲಿ ಎ ಪಂಪ್‌ನ ಸುರಕ್ಷತಾ ವಾಲ್ವನ್ನ ಪರೀಕ್ಷೆಗೆ ಅಂತ ಬಿಚ್ಚಿದ್ರು, ಆ ಜಾಗಕ್ಕೆ ತಾತ್ಕಾಲಿಕ ಮುಚ್ಚಳ ಹಾಕಿದ್ರು. ಸಂಜೆಯೊಳಗೆ ವಾಲ್ವ್ ವಾಪಸ್ ಕೂರಿಸೋಕೆ ಆಗಲಿಲ್ಲ. ರಾತ್ರಿ ಬಿ ಪಂಪ್ ಕೈಕೊಟ್ಟಿತು. ರಾತ್ರಿ ಪಾಳಿಯವರಿಗೆ ಎ ಪಂಪ್‌ನ ದೊಡ್ಡ ರಿಪೇರಿ ಇನ್ನೂ ಶುರುವಾಗಿಲ್ಲ ಅನ್ನೋದು ಗೊತ್ತಿತ್ತು, ವಾಲ್ವ್ ಜಾಗದಲ್ಲಿಲ್ಲ ಅನ್ನೋದು ಗೊತ್ತಿರಲಿಲ್ಲ. ಎ ಪಂಪ್ ಶುರು ಮಾಡೋಕೆ ಹೋದ್ರು. ಅನಿಲ ಸೋರಿತು, ಸ್ಫೋಟ ಆಯ್ತು. 167 ಜನ ಸತ್ತರು. ಆಮೇಲೆ ಲಾರ್ಡ್ ಕಲ್ಲೆನ್ ನಡೆಸಿದ ವಿಚಾರಣೆಯಲ್ಲಿ ಕೆಲಸದ ಪರ್ಮಿಟ್ ವ್ಯವಸ್ಥೆ ಮತ್ತು ಪಾಳಿ ಬದಲಾಗುವಾಗ ಮಾಹಿತಿ ದಾಟದೇ ಹೋಗಿದ್ದು ಎರಡೂ ಮುಖ್ಯವಾಗಿ ಹೊರಬಂದ್ವು.

ನಮ್ಮ ಕೆಲಸ ಅದಕ್ಕೆ ಸಮ ಅಲ್ಲ. ಆದ್ರೆ ತಪ್ಪಿನ ಆಕಾರ ಒಂದೇ. ಹಗಲಿನವರು ಒಂದು ರಕ್ಷಣೆಯನ್ನ ತಾತ್ಕಾಲಿಕವಾಗಿ ತೆಗೆದಿದ್ರು, ರಾತ್ರಿಯವರು ಅದು ಇದೆ ಅಂದ್ಕೊಂಡು ನಡೆದ್ರು.

ನಮ್ಮ ಇನ್ಸಿಡೆಂಟ್‌ನಲ್ಲಿ ಬಿಚ್ಚಿಟ್ಟ ವಾಲ್ವ್ ಯಾವುದು? ಸಂಜೆ 7ಕ್ಕೆ ಡಿಸ್ಕ್ ಅಲರ್ಟ್ ಐದೈದು ನಿಮಿಷಕ್ಕೆ ಹೊಡೀತಿತ್ತು ಅಂತ ಬೆಳಗ್ಗೆ 6ರವರೆಗೆ ಸೈಲೆನ್ಸ್ ಹಾಕಿದ್ವಿ. ಸೈಲೆನ್ಸ್ ಹಾಕಿದ್ದು ಸರ್ವರ್ ಹೆಸರಿನ ಮೇಲೆ. ಅಂದ್ರೆ 80% ಅಲರ್ಟ್ ಮಾತ್ರ ಅಲ್ಲ, 95% ಅಲರ್ಟೂ ಬಾಯಿ ಮುಚ್ಚಿದೆ! ರಾತ್ರಿ 2:40ಕ್ಕೆ ಡಿಸ್ಕ್ ತುಂಬೋವರೆಗೆ ಒಬ್ಬರ ಫೋನೂ ಹೊಡ್ಕೊಳ್ಳಲ್ಲ. ಎರಡನೇದು, ಕನೆಕ್ಟರ್ ತಾನಾಗೇ ರೀಸ್ಟಾರ್ಟ್ ಆಗೋದನ್ನ 6:30ಕ್ಕೆ ಆಫ್ ಮಾಡಿದ್ವಿ. ಫಿಕ್ಸ್ ಬಂದ್ಮೇಲೆ ಯಾರಾದ್ರೂ ಕೈಯಾರೆ ಶುರು ಮಾಡ್ಬೇಕು.

ಹಾಗಾಗಿ ನೋಟ್ ಬರೆಯುವಾಗ ನಿಮ್ಮನ್ನೇ ಕೇಳ್ಕೊಳ್ಳಿ: ಶಿಫ್ಟ್ ಶುರುವಾದಾಗ ಇದ್ದ ಸ್ಥಿತಿಗೂ ಈಗಿನ ಸ್ಥಿತಿಗೂ ನಾವು ಮಾಡಿದ ವ್ಯತ್ಯಾಸ ಏನು? ಸೈಲೆನ್ಸ್ ಮಾಡಿದ ಅಲರ್ಟ್, ಆಫ್ ಮಾಡಿದ ಆಟೊಮೇಶನ್, ಕೈಯಾರೆ ಬದಲಾಯಿಸಿದ ಸೆಟ್ಟಿಂಗ್, ತಾತ್ಕಾಲಿಕವಾಗಿ ಕೊಟ್ಟ ಆಕ್ಸೆಸ್. ಒಂದೊಂದಕ್ಕೂ ಯಾವಾಗ ಮಾಡಿದ್ದು, ಯಾವಾಗ ವಾಪಸ್ ಹಾಕ್ಬೇಕು ಅಂತ ಬರೀರಿ. ಇಲ್ಲಿ ಬರೆಯೋ ಕ್ರಿಯೆಯೇ ಒಂದು ತಪಾಸಣೆ. ಆ ಸೈಲೆನ್ಸ್ ಎಷ್ಟು ಅಗಲ ಅಂತ ಬರೆಯೋಕೆ ಹೋದಾಗ್ಲೇ ಕಣ್ಣಿಗೆ ಬೀಳುತ್ತೆ, 10:20ಕ್ಕೆ ಅದನ್ನ 80% ಅಲರ್ಟ್‌ಗೆ ಮಾತ್ರ ಸೀಮಿತ ಮಾಡಿ ಎದ್ದು ಹೋಗ್ಬಹುದು.

ಉಳಿದ ಕೆಲಸ: ಯಾರು, ಎಷ್ಟು ಹೊತ್ತಿಗೆ, ಆಗದೇ ಇದ್ರೆ?

ನೋಟ್‌ನ ಹೃದಯ ಇದು. "ಡೆವ್ ಟೀಮ್ ನೋಡ್ತಾ ಇದೆ" ಅನ್ನೋದು ಕೆಲಸ ಅಲ್ಲ, ಸುದ್ದಿ. ಅದನ್ನ ಕೆಲಸವಾಗಿ ಬರೆದ್ರೆ: ಆರ್ಡರ್ಸ್ ಟೀಮ್‌ನ ಆನ್‌ಕಾಲ್ ಡೆವಲಪರ್ ಫಿಕ್ಸನ್ನ 11:30ರೊಳಗೆ ಕೊಡ್ತೀನಿ ಅಂದಿದ್ದಾರೆ. 11:30ಕ್ಕೆ ಬರದೇ ಇದ್ರೆ ಫೋನ್ ಮಾಡಿ. 12:45ಕ್ಕೂ ಬರದೇ ಇದ್ರೆ ಬ್ಯಾಚ್ ಮುಂದಕ್ಕೆ ಹಾಕ್ಸಿ.

ಈ 12:45 ಎಲ್ಲಿಂದ ಬಂತು? ಬ್ಯಾಚ್ 1ಕ್ಕೆ ಶುರುವಾಗುತ್ತೆ. ಒಮ್ಮೆ ಶುರುವಾದ ಬ್ಯಾಚನ್ನ ಮಧ್ಯದಲ್ಲಿ ನಿಲ್ಲಿಸೋದಕ್ಕಿಂತ ಶುರುವಾಗದ ಹಾಗೆ ನೋಡ್ಕೊಳ್ಳೋದು ಸುಲಭ. ಬ್ಯಾಚ್‌ನ ಜವಾಬ್ದಾರಿ ಇರೋರಿಗೆ 10ಕ್ಕೇ ಹೇಳಿಟ್ಟಿದ್ದೀವಿ, ಮುಂದಕ್ಕೆ ಹಾಕೋಕೆ ಒಪ್ಪಿದ್ದಾರೆ, ಆದ್ರೆ 15 ನಿಮಿಷ ಮುಂಚೆ ಹೇಳ್ಬೇಕು ಅಂದಿದ್ದಾರೆ. ಒಪ್ಪಿಗೆ ತಗೊಳ್ಳೋ ಕೆಲಸವನ್ನ ನೀವು ಎಚ್ಚರ ಇರುವಾಗ, ಅವರೂ ಎಚ್ಚರ ಇರುವಾಗ ಮುಗಿಸಿಬಿಡಿ. ರಾತ್ರಿ 12:45ಕ್ಕೆ ಮೊದಲ ಸಲ ಫೋನ್ ಎತ್ತಿ ಎಲ್ಲಾ ವಿವರಿಸೋ ಕಷ್ಟ ಮುಂದಿನವರಿಗೆ ಬೇಡ.

ಬ್ಯಾಚ್ ಮುಂದಕ್ಕೆ ಹಾಕಿದ್ರೆ ವೇಗ ಗಂಟೆಗೆ 12 ಜಿಬಿಯಲ್ಲೇ ಉಳಿಯುತ್ತೆ, ಆಗ ಗಡುವು ಬೆಳಗ್ಗೆ 6:30. ಹೆಚ್ಚುವರಿ ಡಿಸ್ಕ್ ಕೇಳಿದ್ದೀವಿ, ಅದು ಬರೋದು 8ಕ್ಕೆ. ಹಾಗಾದ್ರೆ ಡಿಸ್ಕನ್ನ ನಂಬ್ಕೊಂಡು ಕೂರೋ ಹಾಗಿಲ್ಲ, ಇನ್ನೊಂದು ಗೆರೆ ಬೇಕು. ಅದೇ 95%, ಖಾಲಿ 40 ಜಿಬಿ. ಬ್ಯಾಚ್ ಇಲ್ಲದೇ ಹೋದ್ರೆ ಅದು 3:10ರ ಸುಮಾರಿಗೆ ಬರುತ್ತೆ. ಆ ಹೊತ್ತಿಗೂ ಕನೆಕ್ಟರ್ ಎದ್ದಿಲ್ಲ ಅಂದ್ರೆ ಸ್ಲಾಟ್ ತೆಗೆಯೋ ತೀರ್ಮಾನ ಆಗ್ಬೇಕು.

ಕನೆಕ್ಟರ್ ಎದ್ರೆ? ಅಲ್ಲೂ "ಸರಿಹೋಯ್ತು" ಅನ್ನೋದು ಹೇಗೆ ಗೊತ್ತಾಗುತ್ತೆ ಅಂತ ಬರೀಬೇಕು. `active` ಅನ್ನೋದು `t` ಆದ್ರೆ ಸಾಲದು. ಕನೆಕ್ಟರ್ ಸೇರ್ಕೊಂಡಿದೆ ಅಂತ ಮಾತ್ರ ಅದರ ಅರ್ಥ, ಓದ್ತಾ ಇದೆ ಅಂತ ಅಲ್ಲ. ಅದೇ ಕ್ವೆರಿಯನ್ನ 15 ನಿಮಿಷಕ್ಕೊಮ್ಮೆ ಓಡಿಸಿ. `held` ಇಳೀತಾ ಇದ್ರೆ ಮಾತ್ರ ನಂಬಿ. ಬ್ಯಾಚ್ ಬಿಡೋದಕ್ಕೆ ನಮ್ಮ ಶರತ್ತು: `held` 20 ಜಿಬಿಗಿಂತ ಕೆಳಗೆ ಬಂದಿರ್ಬೇಕು. ಆಗ ಸುಮಾರು 180 ಜಿಬಿ ಖಾಲಿ ಇರುತ್ತೆ, ಮೂರು ಗಂಟೆಯ ಬ್ಯಾಚ್‌ಗೆ 120 ಬೇಕು. ಮಧ್ಯದಲ್ಲಿ ಕನೆಕ್ಟರ್ ಮತ್ತೆ ಬಿದ್ರೂ ಡೇಟಾಬೇಸ್ ಬದುಕುತ್ತೆ.

ಮಾಡಬಾರದ್ದು, ಯಾಕೆ ಅಂತ ಸಮೇತ

ರಾತ್ರಿ 2 ಗಂಟೆಗೆ ಡಿಸ್ಕ್ ತುಂಬ್ತಿರುವಾಗ `pg_wal` ಫೋಲ್ಡರ್‌ನಲ್ಲಿ ನೂರು ಜಿಬಿ ಕಂಡ್ರೆ ಕೈ `rm` ಕಡೆ ಹೋಗುತ್ತೆ. ಹೆಸರಲ್ಲಿ ಲಾಗ್ ಅಂತ ಇದೆಯಲ್ಲ! ಅದನ್ನ ಕೈಯಾರೆ ಅಳಿಸಿದ್ರೆ ಡೇಟಾಬೇಸ್ ಬಿದ್ದಾಗ ಮತ್ತೆ ಏಳೋಕೆ ಬೇಕಾದ ದಾಖಲೆಯೇ ಹೋಗಿರ್ಬಹುದು. ಇದು ಯಾರೂ ಯಾವತ್ತೂ ಮಾಡಬಾರದ ಕೆಲಸ.

ಎರಡನೇದು ಸ್ಲಾಟ್ ತೆಗೆಯೋದು. ಇದು ನಿಷೇಧ ಅಲ್ಲ, ಆದ್ರೆ ವಾಪಸ್ ಬರೋಕಾಗದ ಹೆಜ್ಜೆ.

```sql
SELECT pg_drop_replication_slot('reporting_slot');
CHECKPOINT;
```

ಎರಡನೇ ಸಾಲು ಯಾಕೆ ಅಂದ್ರೆ, ಸ್ಲಾಟ್ ತೆಗೆದ ಕ್ಷಣದಲ್ಲೇ ಫೈಲ್ ಹೋಗಲ್ಲ, ಚೆಕ್‌ಪಾಯಿಂಟ್ ಆದಾಗ ಹೋಗ್ತವೆ. ಇದು ಗೊತ್ತಿಲ್ದೇ ಇದ್ರೆ "ತೆಗೆದ್ರೂ ಜಾಗ ಬರ್ಲಿಲ್ಲ" ಅಂತ ಗಾಬರಿ ಬಿದ್ದು ಮುಂದಿನ ಎಡವಟ್ಟಿಗೆ ಕೈ ಹಾಕ್ತಾರೆ. ಸ್ಲಾಟ್ ತೆಗೆದ್ರೆ ಗುರುತಿನ ಚೀಟಿ ಹೋಯ್ತು. ಕನೆಕ್ಟರ್ ಸರಿಯಾದ ಮೇಲೂ ಇಡೀ ಟೇಬಲ್‌ಗಳನ್ನ ಮೊದಲಿಂದ ಓದ್ಬೇಕು, ನಮ್ಮಲ್ಲಿ ಅದಕ್ಕೆ ಸುಮಾರು 9 ಗಂಟೆ. ನಾಳೆ 11ಕ್ಕೆ ಫೈನಾನ್ಸ್‌ನವರ ತಿಂಗಳ ಕೊನೆಯ ರಿಪೋರ್ಟ್ ಇದೆ, ಅದು ತಪ್ಪುತ್ತೆ. ಆರ್ಡರ್ ನಿಲ್ಲೋದಾ, ರಿಪೋರ್ಟ್ ತಡ ಆಗೋದಾ ಅಂತ ಬಂದ್ರೆ ಉತ್ತರ ಸ್ಪಷ್ಟ, ಆದ್ರೆ ಅದನ್ನ ಹೇಳ್ಬೇಕಾದವರು ರಿಪೋರ್ಟಿಂಗ್ ಲೀಡ್. ಅವರ ಹೆಸರು, ನಂಬರ್ ನೋಟ್‌ನಲ್ಲಿ. ಜೊತೆಗೆ ಇನ್ನೊಂದು ಸಾಲೂ ಬೇಕು: ಅವರು ಫೋನ್ ಎತ್ತದೇ ಇದ್ರೆ ಯಾರು? ಅವರೂ ಎತ್ತದೇ ಇದ್ರೆ ಖಾಲಿ 20 ಜಿಬಿಗೆ ಬಂದಾಗ ಆನ್‌ಕಾಲ್ ಮ್ಯಾನೇಜರ್ ತೀರ್ಮಾನ ಅಂತ ಮೊದಲೇ ಒಪ್ಪಿಸಿ ಬರೆದಿಡಿ. ಇಲ್ಲಾಂದ್ರೆ ಆ ಭಾರವೆಲ್ಲಾ ರಾತ್ರಿ ಒಬ್ಬರೇ ಕೂತಿರೋ ಹುಡುಗ ಅಥವಾ ಹುಡುಗಿಯ ತಲೆ ಮೇಲೆ ಬೀಳುತ್ತೆ.

ಮೂರನೇದು ಜಾಣರು ಬೀಳೋ ಗುಂಡಿ. `max_slot_wal_keep_size` ಅನ್ನೋದನ್ನ ಈಗ 100 ಜಿಬಿ ಅಂತ ಹಾಕಿದ್ರೆ ಆಯ್ತಲ್ಲ, ರೀಸ್ಟಾರ್ಟೂ ಬೇಡ, ರೀಲೋಡ್ ಸಾಕು ಅಂತ ಅನ್ಸುತ್ತೆ. ಆದ್ರೆ ಈಗಾಗ್ಲೇ 106 ಇದೆ. ಮಿತಿ ದಾಟಿದ ಸ್ಲಾಟ್‌ನ `wal_status` ಮುಂದೆ `lost` ಆಗುತ್ತೆ, ಅಂದ್ರೆ ಸ್ಲಾಟ್ ತೆಗೆದದ್ದಕ್ಕೂ ಇದಕ್ಕೂ ಫಲಿತಾಂಶ ಒಂದೇ, ಯಾರ ಒಪ್ಪಿಗೆಯೂ ಇಲ್ಲದೆ. ಈ ಮಿತಿ ಮೊದಲೇ ಹಾಕಿಟ್ಟಿರ್ಬೇಕಾದ್ದು. ಇನ್ಸಿಡೆಂಟ್ ಮಧ್ಯೆ ಹಾಕೋದು ಅಂದ್ರೆ ಸ್ಲಾಟ್ ತೆಗೆಯೋ ತೀರ್ಮಾನವನ್ನೇ ಬೇರೆ ಹೆಸರಲ್ಲಿ ತಗೊಂಡ ಹಾಗೆ.

ಪೂರ್ತಿ ನೋಟ್

ಇಷ್ಟೆಲ್ಲಾ ಮಾತಾಡಿದ್ದು ನೋಟ್‌ನಲ್ಲಿ ಎಷ್ಟು ಜಾಗ ತಗೊಳ್ಳುತ್ತೆ ನೋಡಿ.

> ಸ್ಥಿತಿ (ರಾತ್ರಿ 10:30, ಭಾರತೀಯ ಸಮಯ): ಇನ್ಸಿಡೆಂಟ್ ತೆರೆದಿದೆ. ಆರ್ಡರ್‌ಗಳು ಸರಿಯಾಗಿ ನಡೀತಿವೆ. ರಿಪೋರ್ಟಿಂಗ್‌ಗೆ ಮಧ್ಯಾಹ್ನ 1:40ರಿಂದ ಡೇಟಾ ಹೋಗ್ತಿಲ್ಲ. ಡಿಸ್ಕ್ 88%, ಖಾಲಿ 96 ಜಿಬಿ. `reporting_slot` ನಿಂತಿದೆ, `held` 106 ಜಿಬಿ.
>
> ಗಡುವು: ಏನೂ ಮಾಡದಿದ್ರೆ 2:40ಕ್ಕೆ ಡಿಸ್ಕ್ ತುಂಬಿ ಡೇಟಾಬೇಸ್ ನಿಲ್ಲುತ್ತೆ. ಈಗ ಗಂಟೆಗೆ 12 ಜಿಬಿ, 1ಕ್ಕೆ ಬ್ಯಾಚ್ ಶುರುವಾದ್ರೆ 40. ಬ್ಯಾಚ್ ತಡೆದ್ರೆ ಗಡುವು 6:30.
>
> ಗೊತ್ತಿರೋದು: ಸ್ಕೀಮಾ ರಿಜಿಸ್ಟ್ರಿ `orders` ಟೇಬಲ್‌ನ ಸ್ಕೀಮಾ ಒಪ್ಪದೆ ಕನೆಕ್ಟರ್ ಬಿದ್ದಿದೆ. ಅನುಮಾನ: 1:30ರ ರಿಲೀಸ್‌ನಲ್ಲಿ ಕಾಲಂ ಟೈಪ್ ಬದಲಾವಣೆ. ಖಚಿತ ಆಗಿಲ್ಲ.
>
> ಮಾಡಿ ಫಲ ಸಿಗದ್ದು: ಮೂರು ರೀಸ್ಟಾರ್ಟ್, ಅದೇ ಎರರ್. ಅಪ್ಲಿಕೇಶನ್ ಲಾಗ್ ಬೇರೆ ವಾಲ್ಯೂಮ್‌ನಲ್ಲಿವೆ, ಅಳಿಸಿ ಉಪಯೋಗ ಇಲ್ಲ.
>
> ನಾವು ಬದಲಾಯಿಸಿ ಬಿಟ್ಟಿರೋದು: 80% ಅಲರ್ಟ್ ಬೆಳಗ್ಗೆ 6ರವರೆಗೆ ಸೈಲೆನ್ಸ್, 95% ಅಲರ್ಟ್ ಚಾಲೂ ಇದೆ. ಕನೆಕ್ಟರ್‌ನ ಆಟೊ ರೀಸ್ಟಾರ್ಟ್ ಆಫ್. ಫಿಕ್ಸ್ ಬಂದ್ಮೇಲೆ ಕೈಯಾರೆ ಶುರು ಮಾಡಿ, ನಂತರ ಆನ್ ಮಾಡಿ.
>
> ಉಳಿದ ಕೆಲಸ:
> 1. 11:30: ಡೆವಲಪರ್‌ನಿಂದ ಫಿಕ್ಸ್. ಬರದಿದ್ರೆ ಫೋನ್.
> 2. ಫಿಕ್ಸ್ ಬಂದ್ರೆ: ಕನೆಕ್ಟರ್ ಶುರು, 15 ನಿಮಿಷಕ್ಕೊಮ್ಮೆ ಕ್ವೆರಿ. `held` ಇಳೀಬೇಕು.
> 3. 12:45: `held` 20 ಜಿಬಿಗಿಂತ ಹೆಚ್ಚಿದ್ರೆ ಬ್ಯಾಚ್ ತಡೆಸಿ. ಒಪ್ಪಿಗೆ ಸಿಕ್ಕಿದೆ.
> 4. 95% ಅಲರ್ಟ್ (ಖಾಲಿ 40 ಜಿಬಿ, ಸುಮಾರು 3:10): ರಿಪೋರ್ಟಿಂಗ್ ಲೀಡ್‌ಗೆ ಫೋನ್, ಸ್ಲಾಟ್ ತೆಗೆಯೋ ತೀರ್ಮಾನ. ಸಿಗದಿದ್ರೆ ಅವರ ಬದಲಿಗೆ. ಇಬ್ಬರೂ ಸಿಗದೆ ಖಾಲಿ 20 ಜಿಬಿ ಆದ್ರೆ ಆನ್‌ಕಾಲ್ ಮ್ಯಾನೇಜರ್.
> 5. 8:00: ಹೆಚ್ಚುವರಿ ಡಿಸ್ಕ್, ಸ್ಟೋರೇಜ್ ಟೀಮ್.
>
> ಮಾಡಬೇಡಿ: `pg_wal`ನಲ್ಲಿ ಏನೂ ಅಳಿಸಬೇಡಿ. ಒಪ್ಪಿಗೆ ಇಲ್ಲದೆ ಸ್ಲಾಟ್ ತೆಗೆಯಬೇಡಿ. `max_slot_wal_keep_size` ಮುಟ್ಟಬೇಡಿ, ಅದೂ ಸ್ಲಾಟ್ ಕಳೆದ ಹಾಗೇ.

ಇದರ ಕೆಳಗೆ ಫೋನ್ ನಂಬರ್, ಕ್ವೆರಿ, ಕೊನೇಲಿ ಟೈಮ್‌ಲೈನ್. ಒಂದು ಸ್ಕ್ರೀನ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಕೊಟ್ಟಿದ್ದು ತಲುಪ್ತಾ?

ನೋಟ್ ಕಳಿಸಿ ಲಾಗೌಟ್ ಆಗೋದು ಹ್ಯಾಂಡೋವರ್ ಅಲ್ಲ. ಹತ್ತು ನಿಮಿಷದ ಕಾಲ್ ಬೇಕು, ಆ ಕಾಲ್‌ನಲ್ಲಿ ಜಾಸ್ತಿ ಮಾತಾಡ್ಬೇಕಾದವರು ತಗೊಳ್ಳೋರು. "ಅರ್ಥ ಆಯ್ತಾ?" ಅಂತ ಕೇಳಿದ್ರೆ ಎಲ್ರೂ "ಹೂಂ ಸರ್, ಆಯ್ತು" ಅಂತಾರೆ. ಬದಲಿಗೆ ಹೀಗೆ ಕೇಳಿ: "ನೀವು ಈಗ ಏನೇನು ಮಾಡ್ತೀರಾ, ಒಂದ್ಸಲ ಹೇಳಿ." ಅವರು "11:30ಕ್ಕೆ ಫಿಕ್ಸ್ ನೋಡ್ತೀನಿ, 12:45ಕ್ಕೆ ಬ್ಯಾಚ್ ತೀರ್ಮಾನ, 95% ಆದ್ರೆ ಲೀಡ್‌ಗೆ ಫೋನ್" ಅಂದ್ರೆ ತಲುಪಿದೆ. "ಡಿಸ್ಕ್ ನೋಡ್ತಾ ಇರ್ತೀನಿ" ಅಂದ್ರೆ ತಲುಪಿಲ್ಲ. ಆಮೇಲೆ ಅವರು ಕ್ವೆರಿ ಓಡಿಸಿ ತಮ್ಮ ಸ್ಕ್ರೀನ್‌ನಲ್ಲಿ ನಂಬರ್ ನೋಡ್ಲಿ. ಆಕ್ಸೆಸ್ ಇಲ್ಲ ಅನ್ನೋದು ಗೊತ್ತಾಗೋದೂ ಆಗ್ಲೇ. ಕೊನೆಗೆ ಬಾಯಿಬಿಟ್ಟು ಒಂದು ಮಾತು: "ಇನ್ಮುಂದೆ ಇನ್ಸಿಡೆಂಟ್ ನಿಮ್ಮದು." "ಸರಿ, ನಾನು ತಗೊಂಡೆ." ಈ ಉತ್ತರ ಬರೋವರೆಗೆ ಅದು ನಿಮ್ಮದೇ. ಬಂದ್ಮೇಲೆ ಚಾನೆಲ್‌ನಲ್ಲಿ ಅದನ್ನೇ ಬರೀರಿ, ಇಲ್ಲಾಂದ್ರೆ ಡೆವಲಪರ್ 11:30ಕ್ಕೆ ಫಿಕ್ಸ್ ಕಳಿಸೋದು ಮಲಗಿರೋ ನಿಮಗೆ.

ಒಂದು ಮಿತಿಯನ್ನೂ ಹೇಳ್ಬೇಕು. ಕೆಲವು ಹೊತ್ತಲ್ಲಿ ಎಂಥಾ ನೋಟ್ ಬರೆದ್ರೂ ಹ್ಯಾಂಡೋವರ್ ಮಾಡ್ಬಾರದು. ಸ್ಲಾಟ್ ತೆಗೀತಿರುವಾಗ, ಕನೆಕ್ಟರ್ ಈಗಷ್ಟೇ ಶುರು ಮಾಡಿ `held` ಇಳಿಯುತ್ತಾ ಅಂತ ಮೊದಲ ಸಲ ನೋಡ್ತಿರುವಾಗ, ಅಂದ್ರೆ ಒಂದು ಹೆಜ್ಜೆ ಅರ್ಧದಲ್ಲಿರುವಾಗ, ಅದು ಮುಗಿದು ಸ್ಥಿತಿ ನಿಂತ ಮೇಲೇ ಕೊಡಿ. ಮತ್ತೆ ನೋಟ್‌ಗೂ ವಯಸ್ಸಾಗುತ್ತೆ. 10:30ರ ನೋಟ್ 12ಕ್ಕೆ ಹಳೇದು. ಅದನ್ನ ತಗೊಂಡವರು ಮೇಲಿನ ಸ್ಥಿತಿಯ ಸಾಲನ್ನ ತಿದ್ದುತ್ತಾ, ಆದ ಕೆಲಸ ಹೊಡೆದುಹಾಕ್ತಾ ಹೋದ್ರೆ, ಬೆಳಗ್ಗೆ 6:30ಕ್ಕೆ ಅವರು ಕೊಡ್ಬೇಕಾದ ನೋಟ್ ಮುಕ್ಕಾಲು ಭಾಗ ಸಿದ್ಧವಾಗಿರುತ್ತೆ.

ಮುಂದಿನ ಸಲ ನೋಟ್ ಬರೆದಾಗ "ಮಾನಿಟರ್ ಮಾಡಿ" ಅನ್ನೋ ಮಾತು ಕಂಡ್ರೆ ಅಲ್ಲೇ ನಿಲ್ಲಿ. ಯಾವ ನಂಬರ್, ಎಷ್ಟಾದ್ರೆ, ಯಾರಿಗೆ ಫೋನ್ ಅಂತ ಅದನ್ನ ಬದಲಾಯಿಸಿ, ಆಮೇಲೆ ಕಳಿಸಿ. ನಿಮ್ಮ ಟೀಮ್‌ನಲ್ಲಿ ಹ್ಯಾಂಡೋವರ್ ಹೇಗೆ ನಡೆಯುತ್ತೆ, ಯಾವ ಸಾಲು ನಿಮ್ಮನ್ನ ರಾತ್ರಿ ಕಾಪಾಡಿತು ಅಂತ ಬರೆದು ಕಳಿಸಿ.